ಅಂಗಡಿ ಎಲ್ಲಿದೆ ಎಂಬ ಪ್ರಶ್ನೆ

ಪೇಟೆಯ ಯಾವ ಅಂಗಡಿಯ ಬಿಲ್ಲನ್ನು ನೋಡಿದರೂ ತಲೆಬರಹದ ಬಳಿ ಹದಿನೈದು ಅಂಕಿ ಮತ್ತು ಅಕ್ಷರಗಳ ಒಂದು ಉದ್ದನೆಯ ಸಾಲು ಇರುತ್ತದೆ. ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿಯ ನೋಂದಣಿ ಸಂಖ್ಯೆ ಅದು. ಕರ್ನಾಟಕದ ವ್ಯಾಪಾರಿಯದಾದರೆ ಅದು 29 ಎಂದು ಆರಂಭವಾಗುತ್ತದೆ, ಏಕೆಂದರೆ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ. ಮುಂದಿನ ಹತ್ತು ಆತನ ಪ್ಯಾನ್ ಸಂಖ್ಯೆ. ಅದರ ನಂತರದ್ದು ಅದೇ ಪ್ಯಾನ್ ಮೇಲೆ ಅದೇ ರಾಜ್ಯದಲ್ಲಿ ಪಡೆದ ನೋಂದಣಿ ಎಷ್ಟನೆಯದು ಎಂಬುದನ್ನು ಹೇಳುತ್ತದೆ, ಕೊನೆಯದು ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದರೆ ಹಿಡಿದುಕೊಡುವ ತಾಳೆಯ ಅಕ್ಷರ. ವ್ಯಾಪಾರಿ ಯಾರು, ಯಾವ ರಾಜ್ಯದವನು ಎಂಬುದನ್ನು ಇಷ್ಟು ಅಚ್ಚುಕಟ್ಟಾಗಿ ಹೇಳುವ ಈ ಸಾಲಿನಲ್ಲಿ ಆತನ ಅಂಗಡಿ ಯಾವ ಊರಿನಲ್ಲಿದೆ, ಯಾವ ಓಣಿಯಲ್ಲಿದೆ ಎಂಬುದರ ಸುಳಿವೇ ಇಲ್ಲ. ಆ ಕೆಲಸವನ್ನು ನೋಂದಣಿ ಪ್ರಮಾಣಪತ್ರದಲ್ಲಿ ಅಚ್ಚಾಗಿರುವ ವಿಳಾಸ ಮಾಡಬೇಕು. ಆ ವಿಳಾಸವೋ, ನೋಂದಣಿ ಪಡೆಯುವ ದಿನದ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಒಂದು ಕಾಗದವನ್ನು ನೋಡಿ ತುಂಬಿದ್ದು, ಆಮೇಲೆ ಯಾರೂ ತಿರುಗಿ ಓದದೆ ಉಳಿದದ್ದು.

ನೋಂದಣಿ ಅಮಾನತಾದ ಸುದ್ದಿ ವ್ಯಾಪಾರಿಗೆ ಬಹುಪಾಲು ಸರ್ಕಾರದಿಂದ ತಲುಪುವುದಿಲ್ಲ, ಗಿರಾಕಿಯಿಂದ ತಲುಪುತ್ತದೆ. ಸರಕು ಕೊಂಡ ಸಂಸ್ಥೆಯ ಲೆಕ್ಕ ಬರೆಯುವವರು ಹಣ ಪಾವತಿಸುವ ಮುನ್ನ ಜಿಎಸ್‌ಟಿ ಜಾಲತಾಣದಲ್ಲಿ ಮಾರಾಟಗಾರನ ಸಂಖ್ಯೆಯನ್ನು ಹಾಕಿ ನೋಡುವ ರೂಢಿ ಈಗ ಬೆಳೆದಿದೆ. ಅಲ್ಲಿ `Active` ಎಂದು ಇರಬೇಕಾದ ಕಡೆ `Suspended` ಎಂದು ಕಂಡರೆ ಬಿಲ್ಲು ಅಲ್ಲಿಗೇ ನಿಲ್ಲುತ್ತದೆ, ಫೋನ್ ಬರುತ್ತದೆ, ವ್ಯಾಪಾರಿ ದಂಗಾಗುತ್ತಾನೆ. ನೋಟಿಸ್ ಬಂದೇ ಇಲ್ಲವೆಂದು ಆತ ಹೇಳುವುದು ಸುಳ್ಳಲ್ಲ, ಬಂದದ್ದೂ ಸುಳ್ಳಲ್ಲ. ನೋಂದಣಿಯ ಅರ್ಜಿ ತುಂಬಿದ ದಿನ ಮಿಂಚಂಚೆಯ ವಿಳಾಸ ಮತ್ತು ಮೊಬೈಲ್ ಸಂಖ್ಯೆಯ ಜಾಗದಲ್ಲಿ ಆಡಿಟರ್ ಕಚೇರಿಯವೇ ಸೇರಿಹೋಗಿರುತ್ತವೆ, ಆ ಕಚೇರಿಯನ್ನು ವ್ಯಾಪಾರಿ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ, ನೋಟಿಸು ಮಾತ್ರ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಕಾನೂನಿನ 169ನೆಯ ಕಲಮಿನ ಪ್ರಕಾರ ನೋಂದಣಿಯಲ್ಲಿ ಕೊಟ್ಟ ಮಿಂಚಂಚೆಗೆ ಕಳುಹಿಸುವುದೂ ಜಾಲತಾಣದಲ್ಲಿ ಪ್ರಕಟಿಸುವುದೂ ನೋಟಿಸು ಜಾರಿಯಾದಂತೆಯೇ ಆಗುವುದರಿಂದ, ಓದದ ನೋಟಿಸಿನ ಗಡುವು ಕೂಡ ಓದಿದ ನೋಟಿಸಿನಷ್ಟೇ ನಿಷ್ಠೆಯಿಂದ ಓಡುತ್ತದೆ.

ಅಮಾನತು ಎಂದರೆ ರದ್ದತಿಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ರದ್ದತಿ ಎಂದರೆ ನೋಂದಣಿಯೇ ಮುಗಿದುಹೋಗುವುದು; ಅಮಾನತು ಎಂದರೆ, ರದ್ದು ಮಾಡಬೇಕೇ ಬೇಡವೇ ಎಂಬ ವಿಚಾರಣೆ ನಡೆಯುವವರೆಗೆ ಅದನ್ನು ತಡೆಹಿಡಿದು ಇಡುವುದು. ನಿಯಮ 21ಎ ಇದನ್ನು ವಿವರಿಸುತ್ತದೆ. ಅದರಂತೆ ಅಮಾನತಿನ ಅವಧಿಯಲ್ಲಿ ವ್ಯಾಪಾರಿಯು ತೆರಿಗೆ ಬಿಲ್ಲು ಬರೆಯಕೂಡದು, ಗಿರಾಕಿಯಿಂದ ತೆರಿಗೆ ವಸೂಲು ಮಾಡಕೂಡದು. ಆತನಿಗೆ ಬರಬೇಕಾದ ತೆರಿಗೆ ಮರುಪಾವತಿಯೂ ಆ ಅವಧಿಯಲ್ಲಿ ಸಿಗುವುದಿಲ್ಲ. ಸರಕಿನ ಜೊತೆ ಲಾರಿಯಲ್ಲಿ ಹೋಗಬೇಕಾದ ಇ-ವೇ ಬಿಲ್ ಕೂಡ ಹುಟ್ಟುವುದಿಲ್ಲ, ಏಕೆಂದರೆ ನಿಯಮ 138ಇ ಅಮಾನತಾದ ಸಂಖ್ಯೆಗೆ ಆ ಬಾಗಿಲನ್ನು ಮುಚ್ಚುತ್ತದೆ. ಅಂಗಡಿಯ ಬಾಗಿಲು ತೆರೆದಿದ್ದರೂ ದೊಡ್ಡ ಗಿರಾಕಿಗೆ ಮಾಲು ಕಳುಹಿಸುವ ದಾರಿ ಹೀಗೆ ಕಟ್ಟಿಹೋಗುತ್ತದೆ.

ಇಂಥ ಸಮಯದಲ್ಲಿ ವ್ಯಾಪಾರಿಗಳು ಮಾಡುವ ಮೊದಲ ಕೆಲಸ ಬಾಕಿ ಉಳಿದ ರಿಟರ್ನುಗಳನ್ನೆಲ್ಲ ಒಂದೇ ಉಸಿರಿಗೆ ಸಲ್ಲಿಸಿಬಿಡುವುದು. ರಿಟರ್ನ್ ಎಂದರೆ ಆಯಾ ತಿಂಗಳಿನ ಮಾರಾಟ, ಖರೀದಿ, ಕಟ್ಟಬೇಕಾದ ತೆರಿಗೆ ಇವುಗಳ ಲೆಕ್ಕವನ್ನು ಒಪ್ಪಿಸುವ ವಿವರಪಟ್ಟಿ. ಅದನ್ನು ಸಲ್ಲಿಸುವುದು ಸರಿಯಾದ ಕೆಲಸವೇ, ಆದರೆ ಅದಕ್ಕಿಂತ ಮೊದಲು ನೋಟಿಸನ್ನು ಪೂರ್ತಿ ಓದುವುದು ಇನ್ನೂ ಸರಿಯಾದದ್ದು. ಜಾಲತಾಣದಲ್ಲಿ `Services > User Services > View Notices and Orders` ಎಂಬಲ್ಲಿಗೆ ಹೋದರೆ ಆರ್‌ಇಜಿ-17 ಎಂಬ ನಮೂನೆಯಲ್ಲಿ, ನೋಂದಣಿಯನ್ನು ಏಕೆ ರದ್ದು ಮಾಡಬಾರದು ಎಂದು ಕಾರಣ ಕೇಳುವ ನೋಟಿಸು ಸಿಗುತ್ತದೆ. ಅದರಲ್ಲಿ ಅಧಿಕಾರಿ ಯಾವ ಕಾರಣಗಳನ್ನು ಬರೆದಿದ್ದಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ರಿಟರ್ನ್ ಸಲ್ಲಿಸಿಲ್ಲ ಎಂಬುದು ಒಂದೇ ಕಾರಣವಾಗಿದ್ದರೆ ಬಾಕಿಯನ್ನೆಲ್ಲ ತೀರಿಸಿದಾಗ ಗಣಕವ್ಯವಸ್ಥೆಯೇ ಅಮಾನತನ್ನು ತೆಗೆಯುವ ಏರ್ಪಾಡಿದೆ. ತಾನಾಗಿ ತೆಗೆಯದಿದ್ದರೆ ಅದೇ ಪುಟದಲ್ಲಿ `Initiate Drop Proceeding` ಎಂಬ ಗುಂಡಿಯನ್ನು ಒತ್ತಬಹುದು. ಆದರೆ ಅದರ ಜೊತೆಗೆ, ನೋಂದಾಯಿಸಿದ ಸ್ಥಳದಲ್ಲಿ ವ್ಯವಹಾರ ಕಂಡುಬಂದಿಲ್ಲ ಎಂಬ ಎರಡನೆಯ ಸಾಲೊಂದು ಇದ್ದರೆ ಆ ಗುಂಡಿ ಅದಕ್ಕೆ ಉತ್ತರವಲ್ಲ. ರಿಟರ್ನಿನ ಬಾಕಿ ಲೆಕ್ಕದ ಪ್ರಶ್ನೆ, ಅಂಕಿಗಳು ಸರಿಹೊಂದಿದರೆ ಯಂತ್ರಕ್ಕೆ ಸಮಾಧಾನ. ವಿಳಾಸದ ಅನುಮಾನವನ್ನು ಒಬ್ಬ ಮನುಷ್ಯ ಬರೆದಿರುತ್ತಾರೆ, ಒಬ್ಬ ಮನುಷ್ಯನೇ ಅದನ್ನು ಬಗೆಹರಿಸಿಕೊಳ್ಳಬೇಕು. ಈ ವ್ಯತ್ಯಾಸವನ್ನು ಗಮನಿಸದವರು ದಂಡ, ಬಡ್ಡಿ ಎಲ್ಲ ಕಟ್ಟಿ, ಇನ್ನೇನು ಸರಿಹೋಗುತ್ತದೆಂದು ಕಾದು ಕುಳಿತಿರುವಾಗಲೇ ರದ್ದತಿಯ ಆದೇಶವನ್ನು ಪಡೆಯುತ್ತಾರೆ.

ಹುಬ್ಬಳ್ಳಿಯಂಥ ಊರಿನಲ್ಲಿ, ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಮಾರುವ ಒಬ್ಬ ವ್ಯಾಪಾರಿಯ ಪ್ರಕರಣವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಗಿಂತ ಕಡಿಮೆ, ರಿಟರ್ನ್ ತಿಂಗಳಿಗೊಂದರಂತೆ. ಲೆಕ್ಕ ಬರೆಯುತ್ತಿದ್ದವರು ಕೆಲಸ ಬಿಟ್ಟ ಮೇಲೆ 2024ರ ಮಾರ್ಚಿನಿಂದ ಸೆಪ್ಟೆಂಬರಿನವರೆಗಿನ ಏಳು ತಿಂಗಳ ರಿಟರ್ನುಗಳು ಹಾಗೆಯೇ ಉಳಿದಿವೆ. ತಿಂಗಳ ರಿಟರ್ನ್ ಸಲ್ಲಿಸುವವರು ಸತತವಾಗಿ ಆರು ತಿಂಗಳು ತಪ್ಪಿಸಿದರೆ ನೋಂದಣಿ ರದ್ದತಿಗೆ ಗುರಿಯಾಗುತ್ತದೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಎರಡು ಅವಧಿ ತಪ್ಪಿದರೆ ಸಾಕು. ನವೆಂಬರ್ 4, ಸೋಮವಾರ ಆರ್‌ಇಜಿ-17 ಜಾರಿಯಾಗಿದೆ, ಅಂದಿನಿಂದಲೇ ಅಮಾನತು. ಉತ್ತರಕ್ಕೆ ಏಳು ಕೆಲಸದ ದಿನಗಳು. ನಡುವಿನ ಎರಡನೆಯ ಶನಿವಾರ, ಭಾನುವಾರಗಳನ್ನು ಬಿಟ್ಟು ಎಣಿಸಿದರೆ ನವೆಂಬರ್ 13. ನೋಟಿಸಿನಲ್ಲಿ ಕಾರಣಗಳು ಎರಡು: ರಿಟರ್ನುಗಳ ಬಾಕಿ, ಮತ್ತು ಅಧಿಕಾರಿ ಭೇಟಿ ನೀಡಿದಾಗ ಆ ವಿಳಾಸದಲ್ಲಿ ಇಂಥ ಹೆಸರಿನ ವ್ಯವಹಾರ ಪತ್ತೆಯಾಗಲಿಲ್ಲ ಎಂಬ ಟಿಪ್ಪಣಿ.

ರಿಟರ್ನುಗಳನ್ನು ಹಳೆಯದರಿಂದ ಹೊಸದರ ಕಡೆಗೆ ಸಾಲಾಗಿ ಸಲ್ಲಿಸಬೇಕು, ನಡುವಿನ ತಿಂಗಳನ್ನು ಹಾರಿ ಮುಂದಿನದಕ್ಕೆ ಹೋಗಲು ಜಾಲತಾಣ ಬಿಡುವುದಿಲ್ಲ. ಪ್ರತಿ ತಿಂಗಳಿಗೂ ಮೊದಲು ಜಿಎಸ್‌ಟಿಆರ್-1, ಅಂದರೆ ಮಾರಾಟದ ಬಿಲ್ಲುಗಳ ಪಟ್ಟಿ. ಅದಾದ ಮೇಲೆ ಜಿಎಸ್‌ಟಿಆರ್-3ಬಿ, ಅಂದರೆ ತೆರಿಗೆ ಕಟ್ಟುವ ಸಾರಾಂಶ. ನವೆಂಬರ್ 12ರಂದು ಎಲ್ಲವನ್ನೂ ಸಲ್ಲಿಸಿದನೆಂದು ಇಟ್ಟುಕೊಂಡರೆ, ಏಪ್ರಿಲ್ 20ಕ್ಕೆ ಕೊಡಬೇಕಿದ್ದ ಮಾರ್ಚಿನ 3ಬಿ 206 ದಿನ ತಡವಾಗಿದೆ. ತಡವಾದದ್ದಕ್ಕೆ ದಿನಕ್ಕೆ 50 ರೂಪಾಯಿ ಶುಲ್ಕ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಲೆಕ್ಕ ಹಾಕಿದರೆ 10,300 ರೂಪಾಯಿ ಆಗಿ ಎದೆ ಧಸಕ್ಕೆನ್ನುತ್ತದೆ. ಆದರೆ ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ಮೀರದವರಿಗೆ ಒಂದು ರಿಟರ್ನಿಗೆ ಈ ಶುಲ್ಕ 2,000 ರೂಪಾಯಿ ದಾಟುವಂತಿಲ್ಲ ಎಂಬ ಮಿತಿ ಇದೆ. ನಲವತ್ತು ದಿನಕ್ಕೆ ಆ ಮಿತಿ ತಲುಪಿ ನಿಂತುಬಿಡುತ್ತದೆ. ಆದ್ದರಿಂದ ಮಾರ್ಚಿನಿಂದ ಆಗಸ್ಟಿನವರೆಗಿನ ಆರಕ್ಕೆ ತಲಾ 2,000, ಇಪ್ಪತ್ತಮೂರು ದಿನ ಮಾತ್ರ ತಡವಾದ ಸೆಪ್ಟೆಂಬರಿಗೆ 1,150, ಒಟ್ಟು 13,150 ರೂಪಾಯಿ. ಯಾವುದಾದರೂ ತಿಂಗಳಲ್ಲಿ ಮಾರಾಟವೇ ಇಲ್ಲದೆ ತೆರಿಗೆ ಶೂನ್ಯವಾಗಿದ್ದರೆ ಆ ರಿಟರ್ನಿನ ಮಿತಿ 500ಕ್ಕೆ ಇಳಿಯುತ್ತದೆ. ಒಂದು ತಿಂಗಳ ತಡಕ್ಕೆ ಬಿದ್ದ ಶುಲ್ಕವನ್ನು ಜಾಲತಾಣ ಮುಂದಿನ ತಿಂಗಳ ರಿಟರ್ನಿನಲ್ಲಿ ತೋರಿಸುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಸೆಪ್ಟೆಂಬರಿನ 1,150 ಹೀಗೆ ಅಕ್ಟೋಬರಿನ ಪುಟದಲ್ಲಿ ಎದುರಾಗುತ್ತದೆ, ಆದ ಕಾರಣ ಗಡುವಿನ್ನೂ ಮುಗಿಯದ ಅಕ್ಟೋಬರಿನ ರಿಟರ್ನನ್ನೂ ಜೊತೆಯಲ್ಲೇ ಸಲ್ಲಿಸಿ ಬಾಕಿಯ ಕೊನೆಯ ಎಳೆಯನ್ನೂ ಕತ್ತರಿಸುವುದು ಲೇಸು.

ಬಡ್ಡಿಯ ಲೆಕ್ಕ ಬೇರೆ. ಅದು ವರ್ಷಕ್ಕೆ ಶೇಕಡಾ 18ರಂತೆ, ಆದರೆ ಇಡೀ ತೆರಿಗೆಯ ಮೇಲಲ್ಲ, ಖರೀದಿಯ ಮೇಲೆ ಮೊದಲೇ ಕಟ್ಟಿದ ತೆರಿಗೆಯನ್ನು ಕಳೆದು ನಗದಾಗಿ ಕಟ್ಟಬೇಕಾದ ಭಾಗದ ಮೇಲೆ ಮಾತ್ರ. ಜೂನ್ ತಿಂಗಳಿಗೆ ನಗದಾಗಿ 12,000 ರೂಪಾಯಿ ಕಟ್ಟಬೇಕಿದ್ದು 115 ದಿನ ತಡವಾಗಿದ್ದರೆ ಬಡ್ಡಿ ಸುಮಾರು 681 ರೂಪಾಯಿ. ಶುಲ್ಕವೂ ಬಡ್ಡಿಯೂ ಹೀಗೆ ಸಹಿಸಬಹುದಾದ ಮಟ್ಟದಲ್ಲೇ ಇರುತ್ತವೆ. ನಿಜವಾದ ಪೆಟ್ಟು ಬೀಳುವ ಸಾಧ್ಯತೆ ಇರುವುದು ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆಯಲ್ಲಿ, ವ್ಯಾಪಾರಿಗಳ ಮಾತಿನಲ್ಲಿ ಐಟಿಸಿ ಎನ್ನುವುದರಲ್ಲಿ. ಒಂದು ಆರ್ಥಿಕ ವರ್ಷದ ಖರೀದಿಯ ಜಮೆಯನ್ನು ಆ ವರ್ಷ ಮುಗಿದ ಮೇಲಿನ ನವೆಂಬರ್ 30ರೊಳಗೆ, ಅಥವಾ ಅದಕ್ಕಿಂತ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಅದರೊಳಗೆ, ಪಡೆದುಕೊಳ್ಳಬೇಕೆಂದು ಕಾನೂನಿನ 16(4) ಹೇಳುತ್ತದೆ. ಈ ವ್ಯಾಪಾರಿಯ ಬಾಕಿಯಲ್ಲಿ ಮಾರ್ಚ್ 2024 ಒಂದೇ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿದ್ದು, ಅದರ ಬಾಗಿಲು 2024ರ ನವೆಂಬರ್ 30ಕ್ಕೆ ಮುಚ್ಚುತ್ತದೆ. ಆ ತಿಂಗಳು ಮಾರಾಟದ ತೆರಿಗೆ 46,000, ಖರೀದಿಯ ಜಮೆ 39,000 ಇದ್ದರೆ, 12ರಂದು ಸಲ್ಲಿಸಿದಾಗ ಕೈಯಿಂದ ಹೋಗುವುದು 7,000. ಡಿಸೆಂಬರಿಗೆ ತಳ್ಳಿದ್ದರೆ ಪೂರ್ತಿ 46,000. ಬಾಕಿ ರಿಟರ್ನಿನ ವಿಷಯದಲ್ಲಿ ಯಾವ ದಿನಕ್ಕೆ ಹೆದರಬೇಕೆಂದು ಕೇಳಿದರೆ ನೋಟಿಸಿನ ಗಡುವಿನಷ್ಟೇ ಗಟ್ಟಿಯಾಗಿ ಈ ನವೆಂಬರ್ 30ನ್ನು ತೋರಿಸಬೇಕಾಗುತ್ತದೆ. ಗಡುವು ದಾಟಿ ಮೂರು ವರ್ಷವಾದ ರಿಟರ್ನನ್ನಂತೂ ಸಲ್ಲಿಸುವುದಕ್ಕೇ ಕಾನೂನು ಬಿಡುವುದಿಲ್ಲ.

ಲೆಕ್ಕದ ಭಾಗ ಇಲ್ಲಿಗೆ ಮುಗಿಯಿತು. ಇನ್ನು ಉಳಿದದ್ದು, ಅಂಗಡಿ ಎಲ್ಲಿದೆ ಎಂಬ ಪ್ರಶ್ನೆ.

ಕನ್ನಡ ನಾಡಿನಲ್ಲಿ ವಿಳಾಸ ಹೇಳುವ ಬಗೆ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನವರು ಮೇನು ಮತ್ತು ಕ್ರಾಸುಗಳನ್ನು ಎಣಿಸುತ್ತಾರೆ, ಮಂಗಳೂರಿನವರು ಕಾಂಪೌಂಡಿನ ಹೆಸರು ಹೇಳುತ್ತಾರೆ, ಧಾರವಾಡ ಹುಬ್ಬಳ್ಳಿಯ ಹಳೆಯ ಭಾಗಗಳಲ್ಲಿ ಓಣಿಯ ಹೆಸರು ಹೇಳಿದರೆ ಅರ್ಧ ದಾರಿ ಮುಗಿದಂತೆ. ಉಳಿದರ್ಧವನ್ನು ಗುಡಿಯೋ, ಮಠವೋ, ಹಿಟ್ಟಿನ ಗಿರಣಿಯೋ, ಈಗ ಇಲ್ಲದಿದ್ದರೂ ಹೆಸರು ಉಳಿಸಿಕೊಂಡಿರುವ ಚಿತ್ರಮಂದಿರವೋ ಪೂರೈಸುತ್ತದೆ. ಕೇಳಿದವನನ್ನು ಕೈಹಿಡಿದು ಕರೆದುಕೊಂಡು ಹೋಗುವಷ್ಟು ಸೌಜನ್ಯ ಈ ಪದ್ಧತಿಯಲ್ಲಿದೆ, ಅದು ತಪ್ಪುವುದು ಅಪರೂಪ. ಆದರೆ ಕಚೇರಿಯ ಕಾಗದಕ್ಕೆ ಗುಡಿಯ ಹಿಂದೆ ಎಂದರೆ ಸಾಲದು, ಅದಕ್ಕೆ ಸಂಖ್ಯೆ ಬೇಕು. ಸಂಖ್ಯೆಗಳಿಗೇನೂ ಕೊರತೆಯಿಲ್ಲ. ಹುಬ್ಬಳ್ಳಿಯ ಒಂದೇ ಅಂಗಡಿಗೆ ನಗರ ಮಾಪನದವರು ಕೊಟ್ಟ ಸಿಟಿಎಸ್ ಸಂಖ್ಯೆ ಒಂದು, ಪಾಲಿಕೆಯ ಆಸ್ತಿ ತೆರಿಗೆಯ ಸಂಖ್ಯೆ ಇನ್ನೊಂದು, ಹೆಸ್ಕಾಂನ ವಿದ್ಯುತ್ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ಮತ್ತೊಂದು, ಸಂಕೀರ್ಣ ಕಟ್ಟಿದ ಮಾಲೀಕರು ಬಾಗಿಲ ಮೇಲೆ ಬರೆಸಿದ ಅಂಗಡಿ ಸಂಖ್ಯೆ ಮಗದೊಂದು. ನಾಲ್ಕೂ ನಿಜವಾದವು, ಆದರೆ ಒಂದರ ಪರಿಚಯ ಇನ್ನೊಂದಕ್ಕಿಲ್ಲ.

ಕಲ್ಪಿತ ವ್ಯಾಪಾರಿಗೆ ಆಗಿರುವುದು ಅದೇ. ನೋಂದಣಿಯ ದಿನ ಆತನ ಕೈಗೆ ಸಿಕ್ಕದ್ದು ಮಾಲೀಕರ ಆಸ್ತಿಯ ಪತ್ರ, ಅದರಲ್ಲಿದ್ದ ಸಿಟಿಎಸ್ ಸಂಖ್ಯೆಯೇ ಪ್ರಮಾಣಪತ್ರದ ವಿಳಾಸವಾಯಿತು. ಆ ಒಂದು ಸಂಖ್ಯೆಯ ಜಾಗದಲ್ಲಿ ಎರಡು ಅಂತಸ್ತಿನ ಸಂಕೀರ್ಣವಿದೆ, ಸಾಲಾಗಿ ಅಂಗಡಿಗಳಿವೆ, ತಮ್ಮ ಅಂಗಡಿಯ ಸಿಟಿಎಸ್ ಸಂಖ್ಯೆ ಎಷ್ಟೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ವ್ಯವಹಾರದ ಹೆಸರು ಪ್ರಮಾಣಪತ್ರದಲ್ಲಿ ಒಂದಾದರೆ, ಫಲಕದ ಮೇಲೆ ಬರೆಸಿರುವುದು ಪಂಪ್ ಕಂಪನಿಯವರು ಉಚಿತವಾಗಿ ಕೊಟ್ಟ ದೊಡ್ಡ ಹೆಸರು. ಮೇಲಾಗಿ ಅಧಿಕಾರಿ ಬಂದದ್ದು ಅಂಗಡಿ ಮುಚ್ಚಿರುವ ವಾರದ ರಜೆಯ ದಿನ. ನೋಂದಣಿಯ ನಂತರದ ಸ್ಥಳ ಪರಿಶೀಲನೆಯನ್ನು ಹೇಳುವ ನಿಯಮ 25ರಲ್ಲಿ, 2023ರ ತಿದ್ದುಪಡಿಯಾದ ಮೇಲೆ, ವ್ಯಾಪಾರಿ ಎದುರಿಗೆ ಇರಲೇಬೇಕೆಂಬ ಕಟ್ಟುಪಾಡಿಲ್ಲ. ಅಧಿಕಾರಿ ನೋಡಿದ್ದನ್ನು ಛಾಯಾಚಿತ್ರಗಳೊಂದಿಗೆ ಹದಿನೈದು ಕೆಲಸದ ದಿನಗಳೊಳಗೆ ಆರ್‌ಇಜಿ-30 ಎಂಬ ವರದಿಯಾಗಿ ಜಾಲತಾಣಕ್ಕೆ ಏರಿಸುತ್ತಾರೆ. ಕೆಳಗೆಳೆದ ಷಟರ್, ಬೇರೆ ಹೆಸರಿನ ಫಲಕ, ಗೊತ್ತಿಲ್ಲವೆಂದ ನೆರೆಯವರು, ಇಷ್ಟನ್ನು ಕಂಡವರು ವ್ಯವಹಾರ ಪತ್ತೆಯಾಗಲಿಲ್ಲ ಎಂದು ಬರೆದರೆ ಅದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಖೊಟ್ಟಿ ವಿಳಾಸದಲ್ಲಿ ನೋಂದಣಿ ಪಡೆದು, ಸರಕಿಲ್ಲದೆ ಬಿಲ್ಲು ಮಾತ್ರ ಮಾರುವವರನ್ನು ಹಿಡಿಯುವುದಕ್ಕೆ ಇರುವ ಉಪಾಯ ಇದೇ. ಆ ಬಲೆಯಲ್ಲಿ ನೇರ ವ್ಯಾಪಾರಿಯೂ ಆಗಾಗ ಸಿಕ್ಕಿಬೀಳುತ್ತಾನೆ. ಆತನನ್ನು ಬಿಡಿಸುವ ದಾರಿ ಸುಗಮವಾಗಿರಬೇಕೆಂದು ಕೇಳುವುದು ನ್ಯಾಯವೇ ಹೊರತು ಪರಿಶೀಲನೆಯೇ ಬೇಡವೆನ್ನುವುದಲ್ಲ.

ಇದಕ್ಕೆ ಉತ್ತರ ಕೊಡುವ ನಮೂನೆ ಆರ್‌ಇಜಿ-18. ಇಲ್ಲಿ ಸಾಮಾನ್ಯವಾಗಿ ನಡೆಯುವ ಎಡವಟ್ಟು, ತಾವು ಪ್ರಾಮಾಣಿಕರೆಂದೂ ದಯವಿಟ್ಟು ಅಮಾನತನ್ನು ತೆಗೆಯಬೇಕೆಂದೂ ಎರಡು ಸಾಲು ಬರೆದು, ಬಾಡಿಗೆ ಕರಾರಿನ ಮಸುಕು ನಕಲೊಂದನ್ನು ಅಂಟಿಸಿ ಕಳುಹಿಸುವುದು. ಅಧಿಕಾರಿಗೆ ಅನುಮಾನ ಬಂದಿರುವುದು ವ್ಯಾಪಾರಿಯ ಗುಣದ ಬಗ್ಗೆ ಅಲ್ಲ, ಪ್ರಮಾಣಪತ್ರದಲ್ಲಿರುವ ಜಾಗವೂ ಅಂಗಡಿ ಇರುವ ಜಾಗವೂ ಒಂದೇ ಹೌದೇ ಎಂಬುದರ ಬಗ್ಗೆ. ಆದ್ದರಿಂದ ಉತ್ತರದ ಕೆಲಸ, ಒಂದರ ಪರಿಚಯ ಇನ್ನೊಂದಕ್ಕಿಲ್ಲದ ಆ ನಾಲ್ಕು ಸಂಖ್ಯೆಗಳನ್ನು ಒಂದೇ ಎಳೆಯಲ್ಲಿ ಪೋಣಿಸುವುದು. ಬಾಡಿಗೆ ಅಂಗಡಿಗೆ ಬೇಕಾದವು ಬಾಡಿಗೆ ಕರಾರು ಮತ್ತು ಮಾಲೀಕರ ಒಡೆತನವನ್ನು ತೋರಿಸುವ ಒಂದು ದಾಖಲೆ. ಇತ್ತೀಚಿನ ಆಸ್ತಿ ತೆರಿಗೆ ರಸೀದಿ, ಖಾತಾ ನಕಲು, ವಿದ್ಯುತ್ ಬಿಲ್ಲು ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಹೊಸ ನೋಂದಣಿಯ ಅರ್ಜಿಗಳಲ್ಲಿ ಇದಕ್ಕಿಂತ ಹೆಚ್ಚಿನ ಕಾಗದಗಳನ್ನು ಸುಮ್ಮಸುಮ್ಮನೆ ಕೇಳಬಾರದೆಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2025ರ ಏಪ್ರಿಲ್ 17ರ ಸೂಚನೆಯಲ್ಲಿ ತನ್ನ ಅಧಿಕಾರಿಗಳಿಗೆ ಹೇಳಿದೆ. ಆದರೆ ಅನುಮಾನ ಹುಟ್ಟಿದ ಮೇಲೆ ಒಂದು ದಾಖಲೆ ಸಾಕೆಂದು ಹಟ ಹಿಡಿಯುವುದಕ್ಕಿಂತ ಮೂರನ್ನೂ ಕೊಟ್ಟು ಅವು ಹೇಗೆ ಹೊಂದುತ್ತವೆಂದು ಬರೆಯುವುದು ಬೇಗ ಫಲಿಸುತ್ತದೆ.

ಬಾಡಿಗೆ ಕರಾರಿನ ಕೊನೆಯ ಪುಟದಲ್ಲಿ ಸ್ವತ್ತಿನ ವಿವರ ಎಂದು ಒಂದು ಭಾಗವಿರುತ್ತದೆ. ಕರಾರು ಬರೆಯುವವರು ಬೇಸರದಿಂದಲೂ ಸಹಿ ಮಾಡುವವರು ಓದದೆಯೂ ದಾಟಿಹೋಗುವ ಭಾಗ ಅದು. ಪೂರ್ವಕ್ಕೆ ಇಂಥವರ ಅಂಗಡಿ, ಪಶ್ಚಿಮಕ್ಕೆ ಮೆಟ್ಟಿಲು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಇಂಥವರ ಹಿತ್ತಿಲು ಎಂದು ನಾಲ್ಕೂ ದಿಕ್ಕಿನ ಎಲ್ಲೆಯನ್ನು ಹೇಳುವ ಚಕ್ಕುಬಂದಿ ಅಲ್ಲಿರುತ್ತದೆ. ಸಂಖ್ಯೆಗಳನ್ನು ನಂಬದ ಹಿಂದಿನವರು ಭೂಮಿಯನ್ನು ಅದರ ನೆರೆಹೊರೆಯಿಂದ ಗುರುತಿಸುತ್ತಿದ್ದ ಈ ಕ್ರಮ, ಗುಡಿಯ ಹಿಂದೆ ಎಂದು ವಿಳಾಸ ಹೇಳುವ ಕ್ರಮದ ಅಣ್ಣನೇ ಸರಿ, ದಸ್ತಾವೇಜಿನಲ್ಲಿ ಸ್ಥಾನ ಪಡೆದದ್ದರಿಂದ ಗೌರವ ಹೆಚ್ಚಷ್ಟೆ. ವಿಳಾಸದ ಪರಿಶೀಲನೆಯಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ಸಾಲುಗಳು ಬೇರೆ ಇಲ್ಲ. ಸ್ವತ್ತಿನ ವಿವರದಲ್ಲಿ ಸಿಟಿಎಸ್ ಸಂಖ್ಯೆಯೂ ಅಂಗಡಿ ಸಂಖ್ಯೆಯೂ ಒಟ್ಟಿಗೆ ಇದ್ದರೆ ಎರಡು ಸಂಖ್ಯೆಗಳು ಪೋಣಿಸಿದಂತಾಯಿತು. ಆಸ್ತಿ ತೆರಿಗೆ ರಸೀದಿಯಲ್ಲಿ ಮಾಲೀಕರ ಹೆಸರು ಕರಾರಿನಲ್ಲಿರುವಂತೆಯೇ ಇದ್ದರೆ ಮೂರನೆಯದು ಸೇರಿತು. ವಿದ್ಯುತ್ ಬಿಲ್ಲು ಮಾಲೀಕರ ತೀರಿಕೊಂಡ ತಂದೆಯ ಹೆಸರಿನಲ್ಲೇ ಮುಂದುವರಿದಿದ್ದರೆ, ಇದು ನಮ್ಮ ಊರುಗಳಲ್ಲಿ ತೀರ ಸಾಮಾನ್ಯವಾದ ಸಂಗತಿ, ಆರ್‌ಆರ್ ಸಂಖ್ಯೆ ಯಾವ ಅಂಗಡಿಯದು, ಬಿಲ್ಲಿನ ಹೆಸರಿನವರು ತಮಗೆ ಏನಾಗಬೇಕು ಎಂದು ಮಾಲೀಕರಿಂದ ಸಹಿ ಮಾಡಿಸಿದ ಒಂದು ಪತ್ರ ಜೊತೆಗಿರಬೇಕು. ಹೆಸರು ಹೊಂದದ ಬಿಲ್ಲನ್ನು ವಿವರಣೆಯಿಲ್ಲದೆ ಇಡುವುದು ಹೊಸ ಪ್ರಶ್ನೆಯೊಂದನ್ನು ಆಹ್ವಾನಿಸಿದಂತೆ.

ಅದರ ಮೇಲೆ ಛಾಯಾಚಿತ್ರಗಳು. ರಸ್ತೆಯಿಂದ ಇಡೀ ಸಂಕೀರ್ಣ ಕಾಣುವಂಥದು ಒಂದು, ನೆರೆಯ ಎರಡು ಅಂಗಡಿಗಳ ಫಲಕಗಳೂ ಸೇರುವಂತೆ ಮುಂಭಾಗದ್ದು ಒಂದು, ಒಳಗಿನ ದಾಸ್ತಾನಿನದು ಒಂದು, ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ್ದು ಒಂದು. ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳೂ ದಿನಾಂಕವೂ ಚಿತ್ರದ ಮೇಲೆಯೇ ಮೂಡುವಂತಿದ್ದರೆ ಇನ್ನೂ ಒಳ್ಳೆಯದು. ಪ್ರಮಾಣಪತ್ರವನ್ನು ಎದ್ದುಕಾಣುವ ಜಾಗದಲ್ಲಿ ಹಾಕುವುದೂ, ಪ್ರವೇಶದ್ವಾರದ ಫಲಕದ ಮೇಲೆ ನೋಂದಣಿ ಸಂಖ್ಯೆಯನ್ನು ಬರೆಸುವುದೂ ನಿಯಮ 18ರ ಪ್ರಕಾರ ಕಡ್ಡಾಯ. ಪಂಪ್ ಕಂಪನಿಯ ಫಲಕವನ್ನು ಕಿತ್ತುಹಾಕಬೇಕಿಲ್ಲ. ನೋಂದಣಿಯಲ್ಲಿರುವ ಹೆಸರು ಮತ್ತು ಸಂಖ್ಯೆಯ ಚಿಕ್ಕ ಫಲಕವೊಂದನ್ನು ಅದರ ಕೆಳಗೆ ಹಾಕಿಸಿ ಆಮೇಲೆ ಚಿತ್ರ ತೆಗೆಯಬೇಕು. ಜಾಗ ಇದೆಯೆಂದು ತೋರಿಸಿದಷ್ಟೇ ಮುಖ್ಯವಾದುದು ಅಲ್ಲಿ ವ್ಯಾಪಾರ ನಡೆಯುತ್ತಿದೆಯೆಂದು ತೋರಿಸುವುದು: ಆ ವಿಳಾಸಕ್ಕೆ ಸರಕು ಬಂದ ಕೆಲವು ಖರೀದಿ ಬಿಲ್ಲುಗಳು, ಸಾಗಣೆಯವರ ರಸೀದಿ, ಪಾಲಿಕೆಯ ಉದ್ದಿಮೆ ಪರವಾನಗಿ ಇದಕ್ಕೆ ಸಾಕು. ಅಂಗಡಿ ವಾರದಲ್ಲಿ ಯಾವ ದಿನ ಮುಚ್ಚಿರುತ್ತದೆ, ಎಷ್ಟು ಗಂಟೆಯಿಂದ ಎಷ್ಟರವರೆಗೆ ತೆರೆದಿರುತ್ತದೆ, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನೂ ಬರೆದು, ಮತ್ತೊಮ್ಮೆ ಸ್ಥಳ ಪರಿಶೀಲನೆ ಮಾಡಬೇಕೆಂದು ಕೋರುವ ವಾಕ್ಯದೊಂದಿಗೆ ಉತ್ತರ ಮುಗಿಯಬೇಕು. ನೋಟಿಸಿನಲ್ಲಿ ಹಾಜರಾಗಲು ದಿನಾಂಕ ಕೊಟ್ಟಿದ್ದರೆ ಆ ದಿನ ಮೂಲ ಕಾಗದಗಳೊಂದಿಗೆ ಹೋಗುವುದನ್ನು ತಪ್ಪಿಸಬಾರದು. ಎಲ್ಲಿಗೆ ಹೋಗಬೇಕೆಂಬುದೂ ನೋಟಿಸಿನಲ್ಲೇ ಇರುತ್ತದೆ: ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ಸ್ಥಳೀಯ ಜಿಎಸ್‌ಟಿ ಕಚೇರಿಯೋ, ಕೇಂದ್ರ ತೆರಿಗೆಯ ರೇಂಜ್ ಕಚೇರಿಯೋ ಎಂದು ನೋಡಿಕೊಳ್ಳದೆ ಒಂದರ ಬದಲು ಇನ್ನೊಂದರ ಮೆಟ್ಟಿಲು ಹತ್ತಿ ದಿನ ಕಳೆದುಕೊಳ್ಳುವವರೂ ಇದ್ದಾರೆ.

ಅಂಗಡಿ ನಿಜವಾಗಿಯೂ ಬೇರೆ ಕಡೆಗೆ ಹೋಗಿದ್ದರೆ ಇಷ್ಟೆಲ್ಲ ಪೋಣಿಸುವ ಪ್ರಶ್ನೆಯೇ ಬರುವುದಿಲ್ಲ. ಸ್ಥಳ ಬದಲಾದ ಹದಿನೈದು ದಿನಗಳೊಳಗೆ ಆರ್‌ಇಜಿ-14ರಲ್ಲಿ ತಿದ್ದುಪಡಿ ಕೋರಬೇಕಿತ್ತು, ಕೋರಿಲ್ಲ ಎಂಬುದನ್ನು ಒಪ್ಪಿಕೊಂಡು, ಹೊಸ ಜಾಗದ ಕರಾರು, ಸ್ಥಳಾಂತರದ ದಿನಾಂಕ, ಹಳೆಯ ಮಾಲೀಕರ ಪತ್ರ ಇವುಗಳೊಂದಿಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುವುದೊಂದೇ ದಾರಿ. ಹಳೆಯ ಜಾಗದಲ್ಲೇ ಇದ್ದೇವೆಂದು ತೋರಿಸಲು ಅಲ್ಲೊಂದು ಫಲಕ ತಗುಲಿಸಿ ಚಿತ್ರ ಕಳುಹಿಸಿದರೆ, ಮರುಪರಿಶೀಲನೆಯಲ್ಲಿ ಅದು ಬಯಲಾಗಿ, ವಿವರಣೆಯಿಂದ ಮುಗಿಯಬಹುದಾಗಿದ್ದ ಲೋಪ ಸುಳ್ಳು ದಾಖಲೆಯ ಆರೋಪವಾಗುತ್ತದೆ.

ಉತ್ತರ ಒಪ್ಪಿಗೆಯಾದರೆ ಅಧಿಕಾರಿ ಆರ್‌ಇಜಿ-20ರಲ್ಲಿ ನೋಟಿಸನ್ನು ಕೈಬಿಟ್ಟ ಆದೇಶ ಹೊರಡಿಸುತ್ತಾರೆ. ಅದರೊಂದಿಗೆ ಅಮಾನತು, ಆರಂಭವಾದ ದಿನದಿಂದಲೇ ಇರಲಿಲ್ಲವೆಂಬಂತೆ ತೆಗೆದುಹೋಗುತ್ತದೆ. ನಡುವಿನ ದಿನಗಳಲ್ಲಿ ತೆರಿಗೆ ಬಿಲ್ಲಿಲ್ಲದೆ ಮಾರಿದ ಸರಕಿಗೆ ಪರಿಷ್ಕೃತ ಬಿಲ್ಲು ಕೊಟ್ಟು, ಅದನ್ನು ಆಮೇಲಿನ ರಿಟರ್ನಿನಲ್ಲಿ ತೋರಿಸಲು ನಿಯಮ 21ಎ ಅವಕಾಶ ಕೊಡುತ್ತದೆ. ಬಿಲ್ಲು ತಡೆಹಿಡಿದ ಗಿರಾಕಿಗೆ ಈ ಮಾತನ್ನು ಮೊದಲೇ ತಿಳಿಸಿದ್ದರೆ ಆತ ಬೇರೆ ಅಂಗಡಿಯನ್ನು ಹುಡುಕಿಕೊಂಡು ಹೋಗುವುದು ತಪ್ಪಬಹುದು. ಪ್ರಮಾಣಪತ್ರಕ್ಕೆ ಅಂಗಡಿ ಸಂಖ್ಯೆಯನ್ನೂ ಗುರುತಿನ ಜಾಗವನ್ನೂ ಸೇರಿಸಲು ತಿದ್ದುಪಡಿಯ ಅರ್ಜಿಯನ್ನು ಆ ವಾರವೇ ಹಾಕಬೇಕು, ಇಲ್ಲದಿದ್ದರೆ ಮುಂದಿನ ಭೇಟಿಗೆ ಬರುವ ಹೊಸ ಅಧಿಕಾರಿಯೂ ಅದೇ ಸಿಟಿಎಸ್ ಸಂಖ್ಯೆಯನ್ನು ಹಿಡಿದು ಅದೇ ಸಂಕೀರ್ಣದ ಮುಂದೆ ನಿಲ್ಲಬೇಕಾಗುತ್ತದೆ.

ಉತ್ತರ ತಡವಾಗಿಯೋ ಸಾಲದೆಯೋ ಆರ್‌ಇಜಿ-19ರಲ್ಲಿ ರದ್ದತಿಯ ಆದೇಶ ಬಂದೇಬಿಟ್ಟರೂ ಬಾಗಿಲು ಪೂರ್ತಿ ಮುಚ್ಚಿರುವುದಿಲ್ಲ. ಆದೇಶ ಜಾರಿಯಾದ 90 ದಿನಗಳೊಳಗೆ, ಆ ವರೆಗಿನ ಎಲ್ಲ ರಿಟರ್ನು, ತೆರಿಗೆ, ಬಡ್ಡಿ, ಶುಲ್ಕ ತೀರಿಸಿ ಆರ್‌ಇಜಿ-21ರಲ್ಲಿ ರದ್ದತಿಯನ್ನು ಹಿಂಪಡೆಯುವಂತೆ ಕೋರಬಹುದು. ತಕ್ಕ ಕಾರಣವಿದ್ದರೆ ಮೇಲಿನ ಅಧಿಕಾರಿ ಇದನ್ನು ಇನ್ನೂ 180 ದಿನಗಳವರೆಗೆ ವಿಸ್ತರಿಸಬಹುದು. ಆದರೆ ವಿಳಾಸದ ಪ್ರಶ್ನೆ ಅಲ್ಲಿಯೂ ಹಿಂಬಾಲಿಸಿ ಬರುತ್ತದೆ, ಅದೇ ಕರಾರು, ಅದೇ ರಸೀದಿ, ಅದೇ ಚಿತ್ರಗಳನ್ನು ಅಲ್ಲಿಯೂ ಇಡಬೇಕಾಗುತ್ತದೆ. ಆದ ಕಾರಣ ಅಂಗಡಿ ಇಟ್ಟುಕೊಂಡಿರುವ ಓದುಗರಲ್ಲಿ ಒಂದು ವಿನಂತಿ: ನೋಂದಣಿ ಪ್ರಮಾಣಪತ್ರವನ್ನು ಇವತ್ತೇ ಕೈಗೆತ್ತಿಕೊಂಡು ಅದರಲ್ಲಿರುವ ವಿಳಾಸವನ್ನು ಬಾಗಿಲಲ್ಲಿ ನಿಂತು ಓದಿ, ಜಾಲತಾಣದಲ್ಲಿ ನಮೂದಾಗಿರುವ ಮಿಂಚಂಚೆ ಮತ್ತು ಮೊಬೈಲ್ ಸಂಖ್ಯೆ ನಿಮ್ಮವೇ ಹೌದೇ ಎಂದು ನೋಡಿಕೊಳ್ಳಿ, ಅಲ್ಲವಾದರೆ ಬದಲಾಯಿಸಿ.